ಪತ್ರಿಕೆಯ ಒಂದು ತಿಂಗಳನ್ನು ಅಳೆಯುವುದು ಹೇಗೆ?

‘ಇಂಥ ಪತ್ರಿಕೆ ಇಂಥ ವಿಷಯವನ್ನು ಹೇಗೆ ಬಿಂಬಿಸಿತು’ ಎಂಬ ಪ್ರಾಜೆಕ್ಟ್ ಪತ್ರಿಕೋದ್ಯಮ ವಿಭಾಗಗಳಿಗೆ ಹೊಸದಲ್ಲ. ಅವುಗಳಲ್ಲಿ ಬಹುಪಾಲು ಎಡವುವುದು ಒಂದೇ ಜಾಗದಲ್ಲಿ. ಸುದ್ದಿಗಳನ್ನು ಪರ, ವಿರೋಧ, ತಟಸ್ಥ ಎಂದು ಮೂರು ಗುಡ್ಡೆ ಹಾಕಿ ಅದನ್ನೇ ಫ್ರೇಮಿಂಗ್ ಎಂದು ಬರೆದುಬಿಡುತ್ತಾರೆ. ಅದು ಧಾಟಿ, ಚೌಕಟ್ಟಲ್ಲ. ಎರಡನ್ನೂ ಬೇರೆ ಮಾಡುವ ಕೆಲಸಕ್ಕೇ ಈ ಲೇಖನದ ಹೆಚ್ಚು ಜಾಗ ಮೀಸಲು.

ಅಳೆಯಬೇಕಾದದ್ದು ಎರಡು. ಪತ್ರಿಕೆ ಯಾವ ವಿಷಯಗಳನ್ನು ಮುಂದಿಟ್ಟಿತು, ಅವೇ ಓದುಗರ ಮನಸ್ಸಿನಲ್ಲೂ ಮುಂದೆ ಬಂದವೇ ಎಂಬುದು ಅಜೆಂಡಾ ಸೆಟ್ಟಿಂಗ್. ಮುಂದಿಟ್ಟ ವಿಷಯಕ್ಕೆ ಯಾವ ಕಾರಣ, ಯಾವ ಪರಿಹಾರ ತೋರಿಸಿತು ಎಂಬುದು ಫ್ರೇಮಿಂಗ್. ಮೊದಲನೆಯದಕ್ಕೆ ಮಾದರಿ ಅಮೆರಿಕದ ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ಪಟ್ಟಣದಲ್ಲಿ 1968ರ ಅಧ್ಯಕ್ಷೀಯ ಚುನಾವಣೆ ಹೊತ್ತಿಗೆ ನಡೆದ ಅಧ್ಯಯನ. ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ, ಮತ ಯಾರಿಗೆಂದು ಇನ್ನೂ ನಿರ್ಧರಿಸದ 100 ಮತದಾರರನ್ನು ಮಾತನಾಡಿಸಿದರು. ಆ ಊರಿನವರು ಓದುತ್ತಿದ್ದ, ನೋಡುತ್ತಿದ್ದ ಒಂಬತ್ತು ಮಾಧ್ಯಮಗಳನ್ನು ಅದೇ ದಿನಗಳಲ್ಲಿ ಅಳೆದರು. ಐದು ವಿಷಯಗಳ ಶ್ರೇಯಾಂಕ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಬಂತು: ಪ್ರಮುಖ ಸುದ್ದಿಗಳಿಗೆ ಹೋಲಿಕೆ ಅಂಕ 0.967. ಇದು 1972ರಲ್ಲಿ ಪ್ರಕಟವಾಯಿತು. ಇಬ್ಬರು ವಿದ್ಯಾರ್ಥಿಗಳು ಒಂದು ತಿಂಗಳಲ್ಲಿ ಇದನ್ನು ಕನ್ನಡ ಪತ್ರಿಕೆಯೊಂದಕ್ಕೆ ಮಾಡಬಹುದು.

ಹಂತ 1: ಆವೃತ್ತಿ, ದಿನ, ವಿಷಯ

ಒಂದು ಪತ್ರಿಕೆ, ಒಂದು ಊರಿನ ಆವೃತ್ತಿ, 30 ದಿನ. ಬೆಂಗಳೂರು ಆವೃತ್ತಿಯನ್ನು ಅಳೆದು ಶಿವಮೊಗ್ಗದ ಓದುಗರನ್ನು ಕೇಳಿದರೆ ಇಡೀ ಕೆಲಸ ನೀರಿನಲ್ಲಿ ಹೋಮ. ವಿಷಯಗಳು ಐದರಿಂದ ಎಂಟು ಇರಲಿ: ಕುಡಿಯುವ ನೀರು, ರಸ್ತೆ, ಬೆಲೆ ಏರಿಕೆ, ಅಪರಾಧ, ಶಾಲೆ ಹೀಗೆ. ‘ರಾಜಕೀಯ’ ಎಂಬ ವಿಷಯ ಬೇಡ. ಯಾರು ಯಾವ ಪಕ್ಷ ಸೇರಿದರು, ಯಾರಿಗೆ ಟಿಕೆಟ್ ತಪ್ಪಿತು ಎಂಬ ಸುದ್ದಿಗಳನ್ನು ಬೇರೆ ಕಾಲಂನಲ್ಲಿ ಇಡಿ. ಚಾಪೆಲ್ ಹಿಲ್‌ನಲ್ಲೂ ಪ್ರಚಾರದ ಸುದ್ದಿಯ ದೊಡ್ಡ ಪಾಲು ಯಾವ ವಿಷಯದ ಬಗೆಗೂ ಇರಲಿಲ್ಲ, ಚುನಾವಣೆಯ ಓಟದ ಬಗೆಗೇ ಇತ್ತು. ಅದನ್ನೂ ವಿಷಯವೆಂದು ಎಣಿಸಿದರೆ ಪಟ್ಟಿಯ ತಲೆಯಲ್ಲಿ ಅದೇ ಕೂರುತ್ತದೆ.

ಹಂತ 2: ಸುದ್ದಿಯ ತೂಕ

ಕಾಲಂ, ಸೆಂಟಿಮೀಟರ್ ಎಂದು ಅಳತೆಪಟ್ಟಿ ಹಿಡಿಯುವುದಕ್ಕಿಂತ ಸ್ಥಾನ ನೋಡುವುದೇ ಒಳ್ಳೆಯದು. ಮುಖಪುಟದ ಲೀಡ್‌ಗೆ 3, ಮುಖಪುಟದ ಇತರ ಸುದ್ದಿಗೆ 2, ಒಳಪುಟಕ್ಕೆ 1 ಅಂಕ. ಹಬ್ಬದ ದಿನಗಳಲ್ಲಿ ಜಾಹೀರಾತಿನ ಹೊದಿಕೆ ಬಂದು ನಿಜವಾದ ಮುಖಪುಟ ಮೂರನೇ ಪುಟಕ್ಕೆ ಜಾರಿರುತ್ತದೆ. ಪುಟದ ಸಂಖ್ಯೆಯನ್ನಷ್ಟೇ ನೋಡಿ ಗುರುತು ಹಾಕುವವರು ಆ ದಿನದ ಲೀಡನ್ನು ಒಳಪುಟಕ್ಕೆ ತಳ್ಳಿಬಿಡುತ್ತಾರೆ.

ಕಂಪ್ಯೂಟರಿನಲ್ಲಿ ಪದ ಹುಡುಕಿ ಎಣಿಸುವ ಅಡ್ಡದಾರಿ ಬೇಡ. ‘ನೀರು’ ಎಂದು ಹುಡುಕಿದರೆ ‘ನೀರಿನ’, ‘ನೀರಿಗೆ’, ‘ನೀರಿಲ್ಲದೆ’ ತಪ್ಪಿಹೋಗುತ್ತವೆ. ‘ಎದುರಾಳಿಗೆ ನೀರು ಕುಡಿಸಿದ ಬೌಲರ್’ ಎಂಬ ಕ್ರೀಡಾ ಸುದ್ದಿ ಮಾತ್ರ ಬಲೆಗೆ ಬೀಳುತ್ತದೆ. ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಓದಿ, ಸಾಲು ಸಾಲಾಗಿ ಶೀಟ್‌ಗೆ ಏರಿಸಿ.

ಹಂತ 3: ಜನರನ್ನು ಕೇಳುವುದು

ನಿಮ್ಮ ಪಟ್ಟಿಯನ್ನು ಅವರ ಮುಂದೆ ಇಡಬೇಡಿ, ಇಟ್ಟರೆ ಅಜೆಂಡಾ ಸೆಟ್ ಮಾಡಿದವರು ನೀವೇ ಆಗುತ್ತೀರಿ. ಚಾಪೆಲ್ ಹಿಲ್‌ನ ಪ್ರಶ್ನೆಯ ಸಾರ ಹೀಗಿತ್ತು: ಈಗ ನಿಮಗೆ ಹೆಚ್ಚು ಚಿಂತೆಯಾಗಿರುವುದು ಯಾವುದು? ರಾಜಕಾರಣಿಗಳು ಏನೇ ಹೇಳಲಿ, ಸರ್ಕಾರ ಗಮನ ಕೊಡಲೇಬೇಕು ಎಂದು ನಿಮಗನಿಸುವ ಎರಡು ಮೂರು ಸಂಗತಿ ಯಾವುವು? ಇದನ್ನೇ ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಯಾವ ಪತ್ರಿಕೆ ಓದುತ್ತಾರೆ ಎಂಬ ಪ್ರಶ್ನೆ ಕೊನೆಗಿರಲಿ.

ಹಂತ 4: ಚೌಕಟ್ಟು ಗುರುತಿಸುವುದು

ಕಷ್ಟ ಇರುವುದು ಇಲ್ಲಿ. ಎಲ್ಲ ವಿಷಯಗಳಿಗೂ ಇದನ್ನು ಮಾಡಲು ಹೋಗದೆ ಒಂದನ್ನು ಆರಿಸಿಕೊಳ್ಳಿ. ರಸ್ತೆ ಅಪಘಾತ ಎಂದಿಟ್ಟುಕೊಳ್ಳೋಣ. ಮಾದರಿಗೆ ಎರಡು ಸುದ್ದಿ ಹೀಗಿರಬಹುದು:

‘ಲಾರಿ ಡಿಕ್ಕಿ: ಬೈಕ್ ಸವಾರ ಸಾವು. ಹೆದ್ದಾರಿ ತಿರುವಿನಲ್ಲಿ ಭಾನುವಾರ ರಾತ್ರಿ ಲಾರಿ ಡಿಕ್ಕಿಯಾಗಿ ಯುವಕ ಸ್ಥಳದಲ್ಲೇ ಮೃತಪಟ್ಟಿದ್ದಾನೆ. ಹೆಲ್ಮೆಟ್ ಧರಿಸಿರಲಿಲ್ಲ. ಚಾಲಕ ಪರಾರಿಯಾಗಿದ್ದು, ಸಂಚಾರ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ.’

‘ಅದೇ ತಿರುವು, ಐದನೇ ಸಾವು. ಹೆದ್ದಾರಿ ತಿರುವಿನಲ್ಲಿ ಭಾನುವಾರ ರಾತ್ರಿ ಲಾರಿ ಡಿಕ್ಕಿಯಾಗಿ ಯುವಕ ಮೃತಪಟ್ಟಿದ್ದಾನೆ. ಈ ವರ್ಷ ಇಲ್ಲಿ ಸತ್ತವರಲ್ಲಿ ಈತ ಐದನೆಯವ. ತಿರುವಿನಲ್ಲಿ ಬೀದಿದೀಪವಿಲ್ಲ, ಎಚ್ಚರಿಕೆ ಫಲಕವಿಲ್ಲ. ಎರಡು ಬಾರಿ ಮನವಿ ಕೊಟ್ಟಿದ್ದೇವೆ ಎನ್ನುತ್ತಾರೆ ಗ್ರಾಮಸ್ಥರು.’

ಪರ, ವಿರೋಧ ಎಂದು ನೋಡುವವರಿಗೆ ಎರಡೂ ತಟಸ್ಥ ಸುದ್ದಿಗಳೇ. ಆದರೆ ಮೊದಲನೆಯದನ್ನು ಓದಿದವರು ಹೆಲ್ಮೆಟ್ ಹಾಕಬಾರದಿತ್ತೇ ಎನ್ನುತ್ತಾರೆ, ಎರಡನೆಯದನ್ನು ಓದಿದವರು ದೀಪ ಯಾಕೆ ಹಾಕಿಸಿಲ್ಲ ಎಂದು ಕೇಳುತ್ತಾರೆ. ಶಾಂತೊ ಅಯ್ಯಂಗಾರ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದು ಇದನ್ನೇ. ಬಡತನವನ್ನು ಒಬ್ಬ ಬಡವನ ಕಥೆಯಾಗಿ ತೋರಿಸಿದಾಗ ಟಿ.ವಿ. ವೀಕ್ಷಕರು ಹೊಣೆಯನ್ನು ಆ ವ್ಯಕ್ತಿಯ ತಲೆಗೇ ಹೆಚ್ಚು ಕಟ್ಟಿದರು. ದೇಶದ ಒಟ್ಟು ಸ್ಥಿತಿಯಾಗಿ ತೋರಿಸಿದಾಗ ಸಮಾಜ, ಸರ್ಕಾರದತ್ತ ಹೆಚ್ಚು ಬೆರಳು ತೋರಿದರು.

ಗುರುತು ಹಾಕುವವರ ಕೈಗೆ ‘ಇದು ಯಾವ ಚೌಕಟ್ಟು?’ ಎಂಬ ಪ್ರಶ್ನೆಯನ್ನು ಎಂದೂ ಕೊಡಬೇಡಿ. ಅದಕ್ಕೆ ಉತ್ತರ ಊಹೆಯಿಂದಲೇ ಬರುತ್ತದೆ. ರಾಬರ್ಟ್ ಎಂಟ್‌ಮನ್ 1993ರಲ್ಲಿ ಚೌಕಟ್ಟಿನ ಕೆಲಸವನ್ನು ನಾಲ್ಕಾಗಿ ಬಿಡಿಸಿದ್ದಾರೆ. ಅವನ್ನೇ ಪ್ರಶ್ನೆ ಮಾಡಿಕೊಳ್ಳಿ. ಸುದ್ದಿ ಯಾವುದನ್ನು ಸಮಸ್ಯೆ ಎನ್ನುತ್ತದೆ? ಯಾವ ಕಾರಣ ಕೊಡುತ್ತದೆ? ಯಾರನ್ನು ತಪ್ಪಿತಸ್ಥರೆನ್ನುತ್ತದೆ? ಏನಾಗಬೇಕು ಎನ್ನುತ್ತದೆ? ಪ್ರತಿ ಉತ್ತರಕ್ಕೂ ಸುದ್ದಿಯ ಒಂದು ವಾಕ್ಯಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಗೆರೆ ಎಳೆಯಲು ವಾಕ್ಯ ಸಿಗದಿದ್ದರೆ ಉತ್ತರ ‘ಹೇಳಿಲ್ಲ’. ಇದರಲ್ಲಿ ರಿಯಾಯಿತಿ ಬೇಡ. ಮೊದಲ ಸುದ್ದಿಯಲ್ಲಿ ಸಮಸ್ಯೆ ಒಂದು ಸಾವು, ಕಾರಣ ಹೆಲ್ಮೆಟ್ ಇಲ್ಲದ್ದು, ತಪ್ಪಿತಸ್ಥ ಪರಾರಿಯಾದ ಚಾಲಕ, ಪರಿಹಾರ ಪೊಲೀಸ್ ಪ್ರಕರಣ. ಎರಡನೆಯದರಲ್ಲಿ ಸಮಸ್ಯೆ ತಿರುವು, ಕಾರಣ ದೀಪ, ಫಲಕ ಇಲ್ಲದ್ದು. ತಪ್ಪಿತಸ್ಥರು? ಮನವಿ ಪಡೆದವರು ಯಾರೆಂದು ಸುದ್ದಿ ಹೆಸರಿಸಿಲ್ಲ, ಹಾಗಾಗಿ ‘ಹೇಳಿಲ್ಲ’. ಹೆದ್ದಾರಿ ಇಲಾಖೆ ಎಂದು ನೀವು ತುಂಬಿಸಿದರೆ ಅದು ನಿಮ್ಮ ಚೌಕಟ್ಟು, ಪತ್ರಿಕೆಯದಲ್ಲ.

ಕಾರಣಕ್ಕೆ ವ್ಯಕ್ತಿ, ವ್ಯವಸ್ಥೆ, ಹೇಳಿಲ್ಲ ಎಂಬ ಮೂರು ಖಾನೆ ಕನ್ನಡಕ್ಕೆ ಸಾಲದು. ‘ವಿಧಿಯಾಟ’, ‘ಜವರಾಯನ ಅಟ್ಟಹಾಸ’, ‘ಸಾವಿನ ಮನೆ ಸೇರಿದ ದಂಪತಿ’ ಎಂದು ಬರೆಯುವ ರೂಢಿ ನಮ್ಮ ಅಪಘಾತ ವರದಿಗಳಲ್ಲಿ ಇದ್ದೇ ಇದೆ. ವಿಧಿಗೆ ನಾಲ್ಕನೇ ಖಾನೆ ಬೇಕು. ಇನ್ನೊಂದು ‘ಗುಂಡಿಗೆ ಬಲಿ’ ಎಂಬ ತಲೆಬರಹ. ಇದು ರಸ್ತೆಯತ್ತ ಬೆರಳು ತೋರಿಸುತ್ತದೆ, ಹಾಗಾಗಿ ಕಾರಣದ ಖಾನೆಯಲ್ಲಿ ‘ವ್ಯವಸ್ಥೆ’. ಗುಂಡಿ ಮುಚ್ಚಬೇಕಾದವರು ಯಾರೆಂದು ಸುದ್ದಿಯೊಳಗೂ ಇಲ್ಲದಿದ್ದರೆ ಹೊಣೆಯ ಖಾನೆಯಲ್ಲಿ ‘ಹೇಳಿಲ್ಲ’. ಒಂದೇ ಸುದ್ದಿಗೆ ಎರಡು ಬೇರೆ ಗುರುತು ಬೀಳುವುದು ತಪ್ಪಲ್ಲ.

ತಲೆಬರಹಕ್ಕೂ ಸುದ್ದಿಯ ಒಡಲಿಗೂ ಬೇರೆ ಬೇರೆ ಸಾಲು ಕೊಡಿ. ವರದಿ ವರದಿಗಾರರದು, ತಲೆಬರಹ ಸಾಮಾನ್ಯವಾಗಿ ಡೆಸ್ಕಿನದು. ವರದಿಗಾರ ನಾಲ್ಕನೇ ಪ್ಯಾರಾದಲ್ಲಿ ಬರೆದ ದೀಪದ ಸಂಗತಿ ತಲೆಬರಹಕ್ಕೆ ಬಾರದೆ ಹೋಗಬಹುದು. ಎರಡನ್ನೂ ಕಲಸಿದರೆ ಆ ನಷ್ಟ ಕಾಣುವುದೇ ಇಲ್ಲ.

ಹಂತ 5: ಇನ್ನೊಬ್ಬರ ಕೈಗೆ

ಮೊದಲ 40 ಸುದ್ದಿಗಳಿಗೆ ಇಬ್ಬರು ಪರಸ್ಪರ ಮಾತನಾಡದೆ ಗುರುತು ಹಾಕಬೇಕು. 34ರಲ್ಲಿ ಒಪ್ಪಿಗೆಯಾದರೆ ‘85% ಹೊಂದಾಣಿಕೆ’ ಎಂದು ಖುಷಿಯಿಂದ ಬರೆಯುತ್ತಾರೆ. ಅದು ಮೋಸದ ಅಂಕಿ. ಎರಡೇ ಖಾನೆಗಳಿದ್ದು, ಇಬ್ಬರೂ ನೂರಕ್ಕೆ 80 ಸುದ್ದಿಗೆ ‘ವ್ಯಕ್ತಿ’ ಎಂದೇ ಬರೆಯುವವರಾದರೆ, ಸುದ್ದಿ ಓದದೆ ಕಣ್ಣುಮುಚ್ಚಿ ಬರೆದರೂ 68% ಹೊಂದುತ್ತದೆ. ಕೊಹೆನ್‌ನ ಕಪ್ಪಾ ಎಂಬ ಅಳತೆ ಆ ಆಕಸ್ಮಿಕವನ್ನು ಕಳೆಯುತ್ತದೆ:

```
(0.85 - 0.68) / (1 - 0.68) = 0.53
```

0.53 ಸಾಲದು. 0.7 ಮುಟ್ಟುವವರೆಗೆ, ಭಿನ್ನವಾದ ಸುದ್ದಿಗಳನ್ನು ಎದುರಿಗಿಟ್ಟುಕೊಂಡು ನಿಯಮ ತಿದ್ದಿ, ಹೊಸ 40 ಸುದ್ದಿಗಳ ಮೇಲೆ ಮತ್ತೆ ಪರೀಕ್ಷಿಸಿ. ಹಳೆಯ 40ನ್ನೇ ಮತ್ತೆ ಬಳಸಬಾರದು. ಚರ್ಚಿಸಿದ ಉತ್ತರ ಇಬ್ಬರಿಗೂ ನೆನಪಿರುತ್ತದೆ.

ಹಂತ 6: ಎರಡು ಪಟ್ಟಿಗಳ ಹೋಲಿಕೆ

ಪತ್ರಿಕೆಯ ಶ್ರೇಯಾಂಕ ಹೀಗೆ ಬಂತು ಎನ್ನೋಣ: ಅಪರಾಧ, ರಸ್ತೆ, ನೀರು, ಬೆಲೆ, ಶಾಲೆ. ಜನರದು: ನೀರು, ಅಪರಾಧ, ರಸ್ತೆ, ಬೆಲೆ, ಶಾಲೆ. ಪ್ರತಿ ವಿಷಯದ ಸ್ಥಾನದ ಅಂತರವನ್ನು ವರ್ಗ ಮಾಡಿ ಕೂಡಿಸಿ. ಅಪರಾಧಕ್ಕೆ 1, ರಸ್ತೆಗೆ 1, ನೀರಿಗೆ 4, ಉಳಿದೆರಡಕ್ಕೆ ಸೊನ್ನೆ, ಒಟ್ಟು 6. ಸ್ಪಿಯರ್‌ಮನ್ ಸೂತ್ರದಲ್ಲಿ ಮೊದಲ 6 ಎಂದೂ ಬದಲಾಗದು, ಎರಡನೇ 6 ಈ ಮೊತ್ತ, 5 ವಿಷಯಗಳ ಸಂಖ್ಯೆ, 25 ಅದರ ವರ್ಗ:

```
1 - (6 × 6) / (5 × (25 - 1)) = 0.7
```

0.7 ನೋಡಿ ‘ಪತ್ರಿಕೆಯ ಪ್ರಭಾವ ಸಾಬೀತು’ ಎಂದು ಬರೆಯಬೇಡಿ. ಐದು ವಿಷಯಗಳನ್ನು 120 ರೀತಿಯಲ್ಲಿ ಜೋಡಿಸಬಹುದು, ಅವುಗಳಲ್ಲಿ 14 ಜೋಡಣೆಗಳಿಗೆ 0.7 ಅಥವಾ ಅದಕ್ಕಿಂತ ಹೆಚ್ಚು ಬರುತ್ತದೆ. ಚೀಟಿ ಎತ್ತಿದರೂ ಎಂಟೊಂಬತ್ತು ಸಲಕ್ಕೆ ಒಮ್ಮೆ ಸಿಗುವ ಫಲಿತಾಂಶ ಇದು. ಐದೇ ವಿಷಯ ಇಟ್ಟುಕೊಂಡವರಿಗೆ 0.9 ಬೇಕು. ಎಂಟು ವಿಷಯ ಇಟ್ಟುಕೊಳ್ಳಿ ಎಂದು ನನ್ನ ಒತ್ತಾಯ.

ಅಂಕ ಎಷ್ಟೇ ಮೇಲಿದ್ದರೂ ಎರಡು ಪ್ರಶ್ನೆ ಉಳಿಯುತ್ತವೆ. ಒಂದು, ನೀರಿನ ಅಭಾವ ನಿಜವಾಗಿಯೂ ಹೆಚ್ಚಿದ್ದರಿಂದ ಪತ್ರಿಕೆಯೂ ಬರೆಯಿತು, ಜನರೂ ಹೇಳಿದರು ಎಂದಾದರೆ? ರೇ ಫಂಕ್‌ಹೌಸರ್ 1973ರಲ್ಲಿ ಇದನ್ನು ಪರೀಕ್ಷಿಸಿದರು. 1960ರ ದಶಕದ ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದಂಥ ವಿಷಯಗಳ ಸುದ್ದಿ, ವಾಸ್ತವದ ಏರಿಳಿತದ ಜೊತೆ ಹೆಜ್ಜೆ ಹಾಕಿರಲಿಲ್ಲ. ಜನಾಭಿಪ್ರಾಯ ಹೆಚ್ಚು ಹೊಂದಿಕೊಂಡದ್ದು ಸುದ್ದಿಯ ಪ್ರಮಾಣಕ್ಕೆ. ನೀವೂ ನಿಮ್ಮ ಶೀಟ್‌ಗೆ ಮೂರನೇ ಕಾಲಂ ಸೇರಿಸಿ: ಆ ತಿಂಗಳ ಅಪಘಾತಗಳ ಪೊಲೀಸ್ ಅಂಕಿ, ನಗರಸಭೆ ಎಷ್ಟು ದಿನಕ್ಕೊಮ್ಮೆ ನೀರು ಬಿಟ್ಟಿತು ಎಂಬ ಲೆಕ್ಕ.

ಎರಡು, ಪತ್ರಿಕೆ ಜನರನ್ನು ಹಿಂಬಾಲಿಸಿತೋ, ಜನ ಪತ್ರಿಕೆಯನ್ನೋ? ಅಯ್ಯಂಗಾರ್ ಮತ್ತು ಡೊನಾಲ್ಡ್ ಕಿಂಡರ್ ಇದಕ್ಕೆ ಪ್ರಯೋಗದ ದಾರಿ ಹಿಡಿದರು. ಟಿ.ವಿ. ವಾರ್ತೆಗೆ ರಕ್ಷಣಾ ವ್ಯವಸ್ಥೆಯ ಕೊರತೆಯ ಸುದ್ದಿಗಳನ್ನು ಸೇರಿಸಿ ಕೆಲವು ದಿನ ತೋರಿಸಿದಾಗ, ಅದನ್ನು ನೋಡಿದ ಗುಂಪಿನಲ್ಲಿ ರಕ್ಷಣೆಯ ಚಿಂತೆ ಏರಿತು. ಪ್ರಯೋಗ ಮಾಡಲಾಗದವರು ದಿನಾಂಕವನ್ನು ಬೇರೆ ಮಾಡಬೇಕು. ಮೊದಲ ವಾರದಲ್ಲಿ ಒಮ್ಮೆ ಕೇಳಿ, ಪತ್ರಿಕೆಯ 30 ದಿನ ಮುಗಿದ ಮರುವಾರ ಅದೇ ಜನರನ್ನು ಮತ್ತೆ ಕೇಳಿ. ಎರಡನೇ ಸುತ್ತಿಗೆ ಕೆಲವರು ಸಿಗುವುದಿಲ್ಲ. 100 ಉತ್ತರ ಬೇಕಿದ್ದರೆ ಮೊದಲ ಸುತ್ತಿಗೆ 140 ಮಂದಿಯನ್ನು ಹಿಡಿದುಕೊಂಡೇ ಹೊರಡಿ.