ಫೋಲಿಕ್ ಆಸಿಡ್ ಬಾಕ್ಸ್‌ನಲ್ಲಿ ಸಿಕ್ಕ ಮೆಥೊಟ್ರೆಕ್ಸೇಟ್

ಸಂಜೆ ಏಳರ ಹೊತ್ತು. ಕೌಂಟರ್ ಮುಂದೆ ಎಂಟ್ಹತ್ತು ಜನ ನಿಂತಿದ್ದರು. ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗ ಚೀಟಿ ಚಾಚಿದ. ಅದರಲ್ಲಿ ಇದ್ದದ್ದು ಒಂದೇ ಮಾತ್ರೆ: ಫೋಲಿಕ್ ಆಸಿಡ್ 5 ಎಂಜಿ, ದಿನಕ್ಕೊಂದು, ಮೂವತ್ತು ದಿನ. ನಮ್ಮ ಅಂಗಡಿಯ ಹುಡುಗ ಒಳಗಿಂದ ತಂದು ನನ್ನ ಮುಂದೆ ಇಟ್ಟ. ನಾನು ಬಿಲ್ ಮಾಡುತ್ತಾ ಸುಮ್ನೆ ಕೇಳಿದೆ, "ಯಾರಿಗಪ್ಪಾ ಇದು?"

"ನನ್ನ ಹೆಂಡ್ತಿಗೆ ಮೇಡಂ. ಈಗ ಮೂರು ತಿಂಗಳು."

ಬಸುರಿ ಅಂದ ಕೂಡಲೇ ಸ್ಟ್ರಿಪ್ ತಿರುಗಿಸಿ ನೋಡುವುದು ನನಗೆ ರೂಢಿ. ತಿರುಗಿಸಿದೆ. ಮೂರು ಸ್ಟ್ರಿಪ್‌ಗಳಲ್ಲಿ ಎರಡು ಫೋಲಿಕ್ ಆಸಿಡ್. ಮೂರನೆಯದು ಮೆಥೊಟ್ರೆಕ್ಸೇಟ್ 5 ಎಂಜಿ.

ಈ ಎರಡರ ವ್ಯತ್ಯಾಸ ಮೊದಲು ಹೇಳಿಬಿಡುತ್ತೇನೆ. ಫೋಲಿಕ್ ಆಸಿಡ್ ಒಂದು ವಿಟಮಿನ್. ಹೊಸ ಜೀವಕೋಶ ಹುಟ್ಟೋದಕ್ಕೆ ಅದು ಬೇಕು, ಅದಕ್ಕೇ ಬಸುರಿಯರಿಗೆ ಕೊಡುತ್ತಾರೆ. ಮೆಥೊಟ್ರೆಕ್ಸೇಟ್ ಮಾಡುವುದು ಸರಿಯಾಗಿ ಅದರ ವಿರುದ್ಧದ ಕೆಲಸ. ಆ ವಿಟಮಿನ್ ದೇಹಕ್ಕೆ ಒದಗದ ಹಾಗೆ ಅಡ್ಡಗಟ್ಟುತ್ತದೆ. ಕೆಲವು ಕ್ಯಾನ್ಸರ್‌ಗಳಿಗೆ ಕೊಡುತ್ತಾರೆ. ಕಡಿಮೆ ಡೋಸ್‌ನಲ್ಲಿ, ವಾರಕ್ಕೊಮ್ಮೆ, ಸಂಧಿವಾತಕ್ಕೆ ಮತ್ತು ಸೋರಿಯಾಸಿಸ್‌ಗೆ ಕೊಡುತ್ತಾರೆ. ಬಸುರಿ ನುಂಗಿದರೆ ಗರ್ಭ ಹೋಗಬಹುದು, ಉಳಿದರೂ ಮಗುವಿಗೆ ಅಂಗವೈಕಲ್ಯ ಬರಬಹುದು. ಯಾರೇ ಆದರೂ ವಾರದ ಮಾತ್ರೆಯನ್ನು ಕೆಲವೇ ದಿನ ದಿನಾಲೂ ನುಂಗಿದರೆ ರಕ್ತ ಹುಟ್ಟುವ ಮಜ್ಜೆಗೇ ಏಟು ಬೀಳುತ್ತದೆ, ಜೀವಕ್ಕೇ ಸಂಚಕಾರ.

ಹುಡುಗನಿಗೆ ಸರಿಯಾದ ಸ್ಟ್ರಿಪ್ ಕೊಟ್ಟು ಕಳಿಸಿದೆ. ನಡೆದದ್ದನ್ನೂ ಅವನಿಗೆ ಹೇಳಿದೆ. ಮನೆಗೆ ಹೋದ ಮೇಲೂ ಮೂರೂ ಸ್ಟ್ರಿಪ್ ಮೇಲಿನ ಹೆಸರು ಓದಿಕೋ ಅಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ಬೈಯುವುದು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. "ಅಕ್ಕಾ, ನಾನು ಫೋಲಿಕ್ ಆಸಿಡ್ ಬಾಕ್ಸ್‌ಗೇ ಕೈ ಹಾಕಿದ್ದು" ಅಂದ. ನಿಜ. ಅವನು ಕೈ ಹಾಕಿದ ಬಾಕ್ಸ್ ಸರಿಯಾದದ್ದೇ. ಅದರೊಳಗೆ ಬೇರೆ ಸ್ಟ್ರಿಪ್ ಬಂದಿತ್ತು, ಅಷ್ಟೇ. ಬಂದದ್ದು ಹೇಗೆ ಅಂತ ಹಿಂದಿನ ಎರಡು ದಿನದ ಬಿಲ್ ತೆಗೆದು ನೋಡಿದೆ. ಸಂಧಿವಾತದ ಒಬ್ಬರ ಚೀಟಿಗೆ ಎರಡೂ ಮಾತ್ರೆ ತೆಗೆದಿದ್ದೆವು, ಯಾಕೆಂದರೆ ಮೆಥೊಟ್ರೆಕ್ಸೇಟ್ ತಗೊಳ್ಳುವವರಿಗೆ ಡಾಕ್ಟರು ಜೊತೆಗೆ ಫೋಲಿಕ್ ಆಸಿಡ್ ಬರೆದೇ ಬರೆಯುತ್ತಾರೆ. ಬಂದಿದ್ದ ಅವರ ಮಗ "ಈ ಸಲ ಒಂದು ಸ್ಟ್ರಿಪ್ ಕಮ್ಮಿ ಮಾಡಿ, ದುಡ್ಡು ಸಾಲಲ್ಲ" ಅಂದಿದ್ದ. ಬಿಲ್ ತಿದ್ದಿದ್ದೆವು. ಉಳಿದ ಸ್ಟ್ರಿಪ್ ಕೌಂಟರ್ ಮೇಲಿತ್ತು. ಅಂಗಡಿ ಮುಚ್ಚುವಾಗ ಯಾರೋ ಒಬ್ಬರು ಅದನ್ನು ವಾಪಸ್ ರ‍್ಯಾಕ್‌ಗೆ ಹಾಕಿದ್ದರು. ಆ ಒಬ್ಬರು ನಾನೂ ಆಗಿರಬಹುದು.

ನಮ್ಮಲ್ಲಿ ಔಷಧಿ ಜೋಡಿಸಿದ್ದು ಬ್ರ್ಯಾಂಡ್ ಹೆಸರಿನ ಅಕ್ಷರ ನೋಡಿಕೊಂಡು. ಜಾಸ್ತಿ ಹೋಗುವ ಎರಡೂ ಬ್ರ್ಯಾಂಡ್‌ನ ಹೆಸರು ಶುರುವಾಗುವುದು `Fol` ಅಂತಲೇ. ಹಾಗಾಗಿ ಬಾಕ್ಸ್‌ಗಳು ಅಕ್ಕಪಕ್ಕ. ಎರಡೂ ಚಿಕ್ಕ ಹಳದಿ ಮಾತ್ರೆ. ಎರಡರ ಮೇಲೂ 5 ಎಂಜಿ. ಹೆಸರು, ಜಾಗ, ಬಣ್ಣ, ಅಂಕಿ, ನಾಲ್ಕೂ ಕೂಡಿಬಂದಿದ್ದವು.

ಮೊದಲ ವಾರ ನಾನು ಮಾಡಿದ ಕೆಲಸ ಉಪಯೋಗಕ್ಕೆ ಬರಲಿಲ್ಲ. ಒಂದೇ ಥರ ಕಾಣುವ, ಒಂದೇ ಥರ ಕೇಳಿಸುವ ಹೆಸರುಗಳ ಪಟ್ಟಿ ಹಿಡಿದು ಸುಮಾರು ಅರವತ್ತು ಬಾಕ್ಸ್‌ಗೆ ಕೆಂಪು ಸ್ಟಿಕ್ಕರ್ ಅಂಟಿಸಿದೆ. ಎರಡೇ ದಿನಕ್ಕೆ ಅಂಗಡಿಯೆಲ್ಲಾ ಕೆಂಪಾಗಿ, ಯಾರ ಕಣ್ಣೂ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಎಲ್ಲ ಕಿತ್ತು ಹಾಕಿ ಎಂಟು ಜೋಡಿ ಮಾತ್ರ ಉಳಿಸಿಕೊಂಡೆ. ಅದಕ್ಕೆ ಒಂದೇ ಅಳತೆಗೋಲು: ಅದಲು ಬದಲಾದರೆ ಜೀವಕ್ಕೆ ಅಪಾಯವೋ ಇಲ್ಲವೋ. ಎರಡು ಆ್ಯಂಟಾಸಿಡ್ ಹೆಸರು ಒಂದೇ ಥರ ಇದ್ದರೆ ಇರಲಿ.

ಇನ್ನೊಂದು ಉಪಾಯವನ್ನೂ ಪ್ರಯತ್ನಿಸಿದೆ. ಅಮೆರಿಕದಲ್ಲಿ 2001ರಿಂದ ಹೆಸರಿನೊಳಗೆ ಬೇರೆಯಾಗಿರುವ ಭಾಗವನ್ನು ಮಾತ್ರ ದೊಡ್ಡಕ್ಷರದಲ್ಲಿ ಬರೆಯುವ ಪದ್ಧತಿ ಇದೆ. `hydrALAZINE` ಬಿಪಿಗೆ, `hydrOXYzine` ತುರಿಕೆಗೆ. ದೊಡ್ಡಕ್ಷರ ಇರುವ ಕಡೆ ಕಣ್ಣು ಹೋಗಿ ನಿಲ್ಲುತ್ತದೆ, ಆಗ ವ್ಯತ್ಯಾಸ ಕಾಣುತ್ತದೆ. ಬಾಕ್ಸ್ ಮೇಲಿನ ಚೀಟಿಗಳನ್ನು ಹಾಗೆ ಬರೆದೆ, ಅದು ಚೆನ್ನಾಗಿದೆ. ಆದರೆ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲಾ ಹೆಸರನ್ನೂ ಪೂರ್ತಿ ದೊಡ್ಡಕ್ಷರದಲ್ಲೇ ತೋರಿಸುತ್ತದೆ. ಸ್ಕ್ರೀನ್ ಮೇಲೆ ಈ ಉಪಾಯಕ್ಕೆ ಅರ್ಥವೇ ಇಲ್ಲ. ತಪ್ಪು ಜಾಸ್ತಿ ಹುಟ್ಟುವುದು ಸ್ಕ್ರೀನ್ ಮೇಲೆ. `MET` ಅಂತ ಮೂರಕ್ಷರ ಹೊಡೆದರೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಹೃದಯದ ಮೆಟೊಪ್ರೊಲೋಲ್, ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಮೆಥೊಟ್ರೆಕ್ಸೇಟ್, ಎಲ್ಲಾ ಸಾಲಾಗಿ ಬಂದು ನಿಲ್ಲುತ್ತವೆ. ಆತುರದಲ್ಲಿ ಬಾಣದ ಕೀ ಒಂದು ಸಲ ಜಾಸ್ತಿ ಒತ್ತಿದರೆ ಮುಗೀತು.

ಹಾಗಾಗಿ ಸಾಫ್ಟ್‌ವೇರ್‌ನಲ್ಲಿ ಔಷಧಿಗಳ ಹೆಸರು ತುಂಬಿಸಿಡುವ ಐಟಂ ಮಾಸ್ಟರ್‌ಗೆ ಹೋಗಿ ಹೆಸರನ್ನೇ ಬದಲಿಸಿದೆ:

```
ZZ METHOTREXATE 2.5 WEEKLY
```

ಬ್ರ್ಯಾಂಡ್ ಹೆಸರಿನ ಮುಂದೆಯೂ `ZZ` ಹಾಕಿದೆ. ಈಗ `MET` ಹೊಡೆದರೂ `FOL` ಹೊಡೆದರೂ ಅದು ಕಾಣುವುದಿಲ್ಲ. ಬೇಕಂತಲೇ `ZZ` ಹೊಡೆದರೆ ಮಾತ್ರ ಬರುತ್ತದೆ. ಹೊಸ ಹುಡುಗರಿಗೆ ಹುಡುಕಿದರೆ ಸಿಗುವುದಿಲ್ಲ, "ಅಕ್ಕಾ, ಇದು ಸ್ಟಾಕ್ ಇಲ್ವಾ?" ಅಂತ ಬಂದು ಕೇಳುತ್ತಾರೆ. ನನಗೆ ಬೇಕಾದದ್ದೂ ಅದೇ. ಉಳಿದ ಔಷಧಿಗೆ ಕನಿಷ್ಠ ಐದು ಅಕ್ಷರ ಹೊಡೆಯಬೇಕು ಅಂತ ಮಾಡಿದ್ದೇವೆ. ಶುರುವಿನಲ್ಲಿ ಎಲ್ಲರೂ ಗೊಣಗಿದರು, ಹದಿನೈದು ದಿನದಲ್ಲಿ ಕೈಗೆ ಹತ್ತಿತು.

ಮಾತ್ರೆಯ ಜಾಗವನ್ನೂ ಬದಲಿಸಿದೆ. ಮೆಥೊಟ್ರೆಕ್ಸೇಟ್ ಈಗ ರ‍್ಯಾಕ್‌ನಲ್ಲಿಲ್ಲ, ನನ್ನ ಮೇಜಿನ ಡ್ರಾಯರ್‌ನಲ್ಲಿ ಮುಚ್ಚಳ ಇರುವ ಡಬ್ಬದಲ್ಲಿದೆ. 5 ಎಂಜಿ, 7.5 ಎಂಜಿ ತರಿಸುವುದನ್ನೇ ನಿಲ್ಲಿಸಿದೆ, 2.5 ಮಾತ್ರ ಇಡುತ್ತೇನೆ. ಫೋಲಿಕ್ ಆಸಿಡ್ 5, ಇದು 2.5, ಅಂಕಿಯಾದರೂ ಬೇರೆ ಇರುತ್ತದೆ. ಚೀಟಿಯಲ್ಲಿ ದೊಡ್ಡ ಎಂಜಿ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ ಹೇಳಿ, ಅವರು ಹೂಂ ಅಂದ ಮೇಲೆ 2.5ರ ಲೆಕ್ಕದಲ್ಲಿ ಕೊಡುತ್ತೇನೆ. ವಯಸ್ಸಾದವರಿಗೆ ಮಾತ್ರೆ ಎಣಿಸುವ ಕಷ್ಟ ಇದರಿಂದ ಜಾಸ್ತಿ ಆಗಿದೆ, ಅದು ನಿಜ. ಎಣಿಸಲು ಆಗದವರಿಗೆ ಒಂದೊಂದು ವಾರದ್ದನ್ನು ಸ್ಟ್ರಿಪ್ ಸಮೇತ ಬೇರೆ ಬೇರೆ ಕವರ್‌ಗೆ ಹಾಕಿ ಕೊಡುತ್ತೇನೆ. ಪ್ರತಿ ಕವರ್ ಮೇಲೂ ಮಾತ್ರೆಯ ಹೆಸರು, ಬ್ಯಾಚ್, ಎಕ್ಸ್‌ಪೈರಿ ಬರೆಯುತ್ತೇನೆ, ಯಾಕೆಂದರೆ ಸ್ಟ್ರಿಪ್ ಕತ್ತರಿಸಿದರೆ ಅವು ಒಂದು ತುಂಡಿನಲ್ಲಿ ಉಳಿದು ಇನ್ನೊಂದು ಬರಿದಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗ ಆದದ್ದು ನೀಲಿ ಟ್ರೇ. ಗಿರಾಕಿ ಬೇಡ ಅಂದ ಔಷಧಿ, ಬಿಲ್ ತಿದ್ದಿದಾಗ ಉಳಿದದ್ದು, ಯಾವುದನ್ನೂ ಹುಡುಗರು ರ‍್ಯಾಕ್‌ಗೆ ವಾಪಸ್ ಹಾಕುವ ಹಾಗಿಲ್ಲ. ಎಲ್ಲಾ ಆ ಟ್ರೇಗೆ. ಬೆಳಿಗ್ಗೆ ಅಂಗಡಿ ತೆಗೆದ ಮೇಲೆ, ಜನ ಬರುವುದಕ್ಕೆ ಮುಂಚೆ, ನಾನೇ ಒಂದೊಂದರ ಹೆಸರು, ಎಂಜಿ ಓದಿ ಇಡುತ್ತೇನೆ. ತೆಗೆಯುವಾಗ ಆಗುವ ತಪ್ಪಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಇಡುವಾಗ ಆಗುವ ತಪ್ಪು ಮಾತ್ರ ಡಬ್ಬದೊಳಗೆ ಸದ್ದಿಲ್ಲದೆ ಕಾದು ಕೂತಿರುತ್ತದೆ, ಯಾವ ದಿನ ಯಾರ ಕೈಗೆ ಸಿಗುತ್ತೋ ಗೊತ್ತಾಗುವುದಿಲ್ಲ.

ಕಿವಿಯ ತಪ್ಪಿನ ಕಥೆ ಬೇರೆ. ಫೋನ್‌ನಲ್ಲಿ ಔಷಧಿ ಕೇಳುವವರು ಈಗ ಜಾಸ್ತಿ. ಒಂದು ಸಲ ಒಬ್ಬರು "ಕಾರ್ಬ ಏನೋ ಇದೆಯಲ್ಲ, ಅದೇ ಎರಡು ಸ್ಟ್ರಿಪ್ ತೆಗೆದಿಡಿ" ಅಂದರು. ಕಾರ್ಬಿಮಜೋಲ್ ಥೈರಾಯ್ಡ್‌ಗೆ, ಕಾರ್ಬಮಜೆಪಿನ್ ಫಿಟ್ಸ್‌ಗೆ. ಹೆಸರನ್ನು ಮತ್ತೆ ಮತ್ತೆ ಹೇಳಿಸಿದರೆ ಪ್ರಯೋಜನ ಇಲ್ಲ, ಇಬ್ಬರಿಗೂ ಅದು ಹಾಗೇ ಕೇಳಿಸುತ್ತದೆ. ನಾನು ಕೇಳಿದ್ದು ಎರಡೇ ಮಾತು: "ಯಾವುದಕ್ಕೆ ತಗೊಳ್ತಾ ಇದ್ದೀರಿ? ಹೆಸರಿನ ಪಕ್ಕದ ನಂಬರ್ ಎಷ್ಟು?" ಅವರು ಇನ್ನೂರು ಅಂದರು, ಮಗನಿಗೆ ಫಿಟ್ಸ್ ಅಂದರು. ಕಾರ್ಬಿಮಜೋಲ್ ಬರುವುದು 5, 10ರ ಲೆಕ್ಕದಲ್ಲಿ. ಇನ್ನೂರು ಅಂದ ಮೇಲೆ ಕಾರ್ಬಮಜೆಪಿನ್ನೇ. ಅಷ್ಟಾದರೂ ಕೈಗೆ ಕೊಡುವುದು ಚೀಟಿ ನೋಡಿದ ಮೇಲೆಯೇ.

ಕೌಂಟರ್‌ನಲ್ಲಿ ಈಗ ತೆಗೆದವರು ಕೊಡುವ ಹಾಗಿಲ್ಲ. ಒಬ್ಬರು ತೆಗೆದರೆ ಇನ್ನೊಬ್ಬರು ಚೀಟಿ ಪಕ್ಕದಲ್ಲಿಟ್ಟು ಓದಿ ಕೊಡಬೇಕು. ಓದುವುದು ಸ್ಟ್ರಿಪ್‌ನಿಂದ ಚೀಟಿಗೆ. ಚೀಟಿ ಮೊದಲು ಓದಿದರೆ ಆ ಹೆಸರು ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಸ್ಟ್ರಿಪ್ ಮೇಲೂ ಅದೇ ಇರುವ ಹಾಗೆ ಕಾಣುತ್ತದೆ. ನಾನೊಬ್ಬಳೇ ಇರುವ ಮಧ್ಯಾಹ್ನದ ಹೊತ್ತಿನಲ್ಲಿ ಈ ನಿಯಮ ನಡೆಯುವುದಿಲ್ಲ. ಆಗ ಆ ಎಂಟು ಜೋಡಿಯ ಔಷಧಿ ಏನಾದರೂ ಬಂದರೆ ಸ್ಟ್ರಿಪ್ ಅನ್ನು ಗಿರಾಕಿಯ ಕೈಗೇ ಕೊಟ್ಟು, "ಹೆಸರು ನೀವೇ ಓದಿ ಹೇಳಿ" ಅನ್ನುತ್ತೇನೆ. ಓದು ಬಾರದವರಾದರೆ ಹಳೇ ಖಾಲಿ ಸ್ಟ್ರಿಪ್ ತರಲು ಹೇಳಿ ಪಕ್ಕದಲ್ಲಿಟ್ಟು ತೋರಿಸುತ್ತೇನೆ.

ಕವರ್ ಮೇಲೆ ಬರೆಯುವುದರಲ್ಲೂ ಒಂದು ಸೂಕ್ಷ್ಮ ಇದೆ. ವಾರದ ಮಾತ್ರೆಗೆ ಇಂಗ್ಲಿಷ್‌ನಲ್ಲಿ `Monday` ಅಂತ ಬರೆದರೆ ಆತುರದ ಕೈಬರಹದಲ್ಲಿ ಅದು `Morning` ಥರ ಕಾಣುತ್ತದೆ. ದಿನಾ ಬೆಳಿಗ್ಗೆ ನುಂಗಿಬಿಡುತ್ತಾರೆ. ಹಾಗಾಗಿ ಕನ್ನಡದಲ್ಲಿ, ದಪ್ಪ ಪೆನ್ನಿನಲ್ಲಿ, ವಾರದ ಹೆಸರು ಪೂರ್ತಿ ಬರೆಯುತ್ತೇನೆ. ನಾಲ್ಕು ವಾರಕ್ಕಿಂತ ಜಾಸ್ತಿ ಒಟ್ಟಿಗೆ ಕೊಡುವುದಿಲ್ಲ. ವಾರಕ್ಕೆ 15 ಎಂಜಿ ಅಂದರೆ ಆರು ಮಾತ್ರೆ, ನಾಲ್ಕು ವಾರಕ್ಕೆ ಇಪ್ಪತ್ನಾಲ್ಕು. ಇಪ್ಪತ್ನಾಲ್ಕು ತಗೊಂಡು ಹೋದವರು ಹತ್ತೇ ದಿನಕ್ಕೆ ಖಾಲಿ ಅಂತ ಬಂದರೆ ಏನೋ ಎಡವಟ್ಟಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಬಾಯಲ್ಲಿ ಹುಣ್ಣು, ಜ್ವರ, ಗಂಟಲು ನೋವು, ಸುಮ್ಮಸುಮ್ಮನೆ ಮೈ ಮೇಲೆ ನೀಲಿ ಕಲೆ ಕಂಡರೆ ಮುಂದಿನ ಡೋಸ್ ನುಂಗದೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ ಅಂತಲೂ ಹೇಳಿ ಕಳಿಸುತ್ತೇನೆ.

ದುಡ್ಡು ಸಾಲಲ್ಲ ಅಂದಿದ್ದ ಆ ಮಗನ ಅಮ್ಮ ಈಗ ತಾವೇ ಬರುತ್ತಾರೆ. ಬೆರಳುಗಳು ಮೊದಲಿಗಿಂತ ಸಡಿಲ ಆಗಿವೆ, ಪರ್ಸ್‌ನ ಜಿಪ್ ತಾವೇ ಎಳೆಯುತ್ತಾರೆ. ಕವರ್ ಕೊಡುವ ಮುಂಚೆ ಪ್ರತಿ ಸಲವೂ ಕೇಳುತ್ತೇನೆ, "ಅಮ್ಮಾ, ಇದು ಹೇಗೆ ತಗೊಳ್ತೀರಿ, ಹೇಳಿ?"

"ಬುಧವಾರ ಆರು. ಬೇರೆ ದಿನ ಇದರ ಕವರೇ ಬಿಚ್ಚಲ್ಲಮ್ಮಾ. ಇನ್ನೊಂದು ಹಳದೀದು ಗುರುವಾರ ಒಂದು."

ಚೀಟಿ ನೋಡುತ್ತೇನೆ. ಹಾಗೇ ಬರೆದಿರುತ್ತದೆ. ಆಮೇಲೆ ಕವರ್ ಕೊಡುತ್ತೇನೆ.