ಓದಲು ಕಷ್ಟಪಡುವವರಿಗೆ ಒಂದು ಚೀಟಿ: ನನ್ನ ಅನುಭವ

ನಾನು ಸಣ್ಣ ಊರೊಂದರಲ್ಲಿ ಸೇವಾ ಕೇಂದ್ರ ನಡೆಸುತ್ತೇನೆ. 2023ರಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ಬರುವವರಲ್ಲಿ ಹೆಂಗಸರೇ ಜಾಸ್ತಿ. "ಪಕ್ಕದ ಮನೆಯವಳಿಗೆ ಎರಡು ಸಾವಿರ ಬಂತು, ನಂಗ್ಯಾಕೆ ಬರ್ಲಿಲ್ಲ?" ಅನ್ನೋದು ಸಾಮಾನ್ಯ ಪ್ರಶ್ನೆ. ಎಷ್ಟೋ ಸಲ ಖಾತೆಗೆ ಆಧಾರ್ ಸರಿಯಾಗಿ ಜೋಡಣೆ ಆಗಿರುವುದಿಲ್ಲ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟರೆ ಸಾಕು ಅಂದುಕೊಂಡಿರುತ್ತಾರೆ. ಸರ್ಕಾರದ ಹಣ ಈ ಖಾತೆಗೇ ಬರಲಿ ಅಂತ ಬೇರೆ ಫಾರಂ ತುಂಬಿ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಬ್ಯಾಂಕಿನವರ ಮಾತಿನಲ್ಲಿ ಇದೇ ಡಿಬಿಟಿಗೆ ಆಧಾರ್ ಸೀಡಿಂಗ್.

"ಹೆಚ್ಚಿನ ಸಹಾಯಕ್ಕಾಗಿ ಸಿಬ್ಬಂದಿಯನ್ನು ಸಂಪರ್ಕಿಸಿ" ಎಂಬ ಬೋರ್ಡು ಎಲ್ಲ ಕಡೆ ಇರುತ್ತದೆ. ಸಹಾಯ ಬೇಕಾದವರಿಗೇ ಅದು ಓದಲು ಬರುವುದಿಲ್ಲ, ಅಲ್ವಾ? ಹಾಗಂತ "ಓದೋಕೆ ಬರುತ್ತಾ?" ಅಂತ ನಾನು ಯಾರನ್ನೂ ಕೇಳುವುದಿಲ್ಲ. ಕೇಳಿದರೆ "ಕನ್ನಡಕ ತಂದಿಲ್ಲ" ಅಂತಾರೆ, ಇಲ್ಲವೇ ಸುಮ್ನೆ ಎದ್ದು ಹೋಗುತ್ತಾರೆ. ಯಾರೇ ಬರಲಿ, ಮೇಷ್ಟ್ರೇ ಆಗಲಿ, "ಇದರಲ್ಲಿ ಏನಿದೆ ಅಂತ ಓದಿ ಹೇಳ್ತೀನಿ, ಕೇಳಿ" ಅಂತ ನಾನೇ ಶುರು ಮಾಡುತ್ತೇನೆ. ಎಲ್ಲರಿಗೂ ಹೇಳುವುದರಿಂದ ಯಾರಿಗೂ ಮುಜುಗರ ಇಲ್ಲ.

ಹೋಗುವಾಗ ಕೈಗೆ ಒಂದು ಚೀಟಿ ಕೊಡುತ್ತೇನೆ. ಮೊದಲು ಅದು ಹೀಗಿತ್ತು:

ಹಣ ಬಂದಿಲ್ಲ.
ಬ್ಯಾಂಕಿಗೆ ಹೋಗಿ.
ಈ ಚೀಟಿ ತೋರಿಸಿ.
ಆಧಾರ್, ಪಾಸ್‌ಬುಕ್ ತನ್ನಿ.
ಗೊತ್ತಾಗಲಿಲ್ವಾ? ನಮಗೆ ಮಿಸ್ಡ್ ಕಾಲ್ ಕೊಡಿ. ನಾವೇ ಫೋನ್ ಮಾಡ್ತೀವಿ.

ಕೆಳಗೆ ನನ್ನ ನಂಬರು, ಬೆರಳಗಲದ ಅಂಕಿಗಳಲ್ಲಿ. ಅಕ್ಷರ ಬಾರದ ಎಷ್ಟೋ ಜನ ಅಂಕಿ ನೋಡಿ ಫೋನ್ ಒತ್ತುತ್ತಾರೆ. ಆದರೆ ಕನ್ನಡ ಅಂಕಿ ಬೇಡ, ಫೋನಿನ ಮೇಲಿರುವ 1, 2, 3 ಹಾಕಬೇಕು. ಬ್ಯಾಂಕಿನವರಿಗೆ ಬೇಕಾದ ಸಂಗತಿಯನ್ನು, "ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿಕೊಡಿ" ಅಂತ, ಚೀಟಿಯ ಹಿಂದೆ ಬರೆದಿರುತ್ತೇನೆ. ಅದನ್ನು ಆಕೆ ಓದಬೇಕಾಗಿಲ್ಲ.

ಅಲ್ಪಸ್ವಲ್ಪ ಓದುವವರು ಒತ್ತಕ್ಷರದಲ್ಲಿ ತಡವರಿಸುತ್ತಾರೆ, ಅರ್ಕಾವತ್ತಿನಲ್ಲಂತೂ ಇನ್ನೂ ಜಾಸ್ತಿ. 'ವರ್ಗಾವಣೆ'ಯಲ್ಲಿ ಮೊದಲು ಉಚ್ಚರಿಸುವ 'ರ್' ಗುರುತು ಅಕ್ಷರದ ಆಮೇಲೆ ಬರುತ್ತದಲ್ಲ, ಅಲ್ಲಿ ನಿಂತುಬಿಡುತ್ತಾರೆ. ಅದಕ್ಕೇ 'ಹಣ ವರ್ಗಾವಣೆ ವಿಫಲ' ಹೋಗಿ 'ಹಣ ಬಂದಿಲ್ಲ' ಆಯಿತು.

ಚೀಟಿ ಕೊಟ್ಟು "ಗೊತ್ತಾಯ್ತಾ?" ಅಂದರೆ ಎಲ್ಲರೂ "ಹೂಂ" ಅಂತಾರೆ, ಆ ಹೂಂಗೆ ಅರ್ಥವಿಲ್ಲ. "ಅಕ್ಕ, ಈಗ ಇಲ್ಲಿಂದ ಎಲ್ಲಿಗೆ ಹೋಗ್ತೀರಿ? ಅಲ್ಲಿ ಏನು ಕೊಡ್ತೀರಿ?" ಅಂತ ಕೇಳುತ್ತೇನೆ. ಒಬ್ಬರು "ಆಧಾರ್ ತಗೊಂಡು ಇಲ್ಲಿಗೇ ಬರ್ತೀನಿ" ಅಂದರು. ನನ್ನ ಸಾಲಿನಲ್ಲಿ 'ತನ್ನಿ' ಅಂತಿತ್ತು, ಎಲ್ಲಿಗೆ ಅಂತ ಇರಲಿಲ್ಲ. ಈಗ ಆ ಸಾಲು 'ಆಧಾರ್, ಪಾಸ್‌ಬುಕ್ ಬ್ಯಾಂಕಿಗೆ ತಗೊಂಡು ಹೋಗಿ' ಅಂತ ಆಗಿದೆ.

ರೇಷನ್ ಕಾರ್ಡಿನಲ್ಲೊಂದು, ಆಧಾರಿನಲ್ಲೊಂದು ಹೆಸರಿದ್ದರೆ ಮಾತ್ರ ಈ ಚೀಟಿ ಉಪಯೋಗಕ್ಕೆ ಬರುವುದಿಲ್ಲ. ಯಾವ ಹೆಸರು ತಿದ್ದಬೇಕು ಅಂತ ಕೂತು ನೋಡಬೇಕು. ಅಂಥವರಿಗೆ ಸಂಜೆ ಗದ್ದಲ ಇಲ್ಲದಾಗ ಬರಲು ಹೇಳುತ್ತೇನೆ.