ಗೆರೆ ಎಳೆಯಲು ಪದ ಸಿಗದಿದ್ದರೆ ಐರನಿ: ಫಿಗರ್ ಆಫ್ ಸ್ಪೀಚ್ ಕಲಿಸಿದ ನನ್ನ ಅನುಭವ

"ಒಂದು ಮಾರ್ಕ್ಸಿಗೆ ಇಷ್ಟೆಲ್ಲಾ ಸರ್ಕಸ್ ಬೇಕಾ ಮೇಡಂ?" ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದಾರೆ. ಅವರಿಗಾಗಿಯೇ ಬರೆಯುತ್ತಿದ್ದೇನೆ ಅಂದುಕೊಳ್ಳಿ. ನನ್ನ ಹತ್ತನೇ ಕ್ಲಾಸಿನಲ್ಲಿ ಈ ಸಲ ಸುಮಾರು 40 ಮಕ್ಕಳು. ಇಂಗ್ಲಿಷ್ ಪರೀಕ್ಷೆಯ ಆ ಒಂದು ಮಾರ್ಕ್ಸಿನ ಪ್ರಶ್ನೆಯಂತೆ, ಎಲ್ಲೂ ನೋಡಿರದ ಸಾಲು ಕೊಟ್ಟು ಯಾವ ಅಲಂಕಾರ, ಅಂದರೆ ಫಿಗರ್ ಆಫ್ ಸ್ಪೀಚ್, ಅಂತ ಕೇಳಿದರೆ 33-34 ಮಕ್ಕಳು ಸರಿಯಾಗಿ ಬರೆಯುತ್ತಾರೆ. ಮೂರು ವರ್ಷದ ಹಿಂದೆ 12 ದಾಟಿದರೆ ಹೆಚ್ಚು.

ಆಗ ನಾನೂ ಎಲ್ಲರಂತೆ ಡೆಫಿನಿಷನ್ ಬರೆಸುತ್ತಿದ್ದೆ. ಆಮೇಲೆ ಕಾರ್ಡಿನ ಹುಚ್ಚು ಹಿಡಿಯಿತು. ನೂರಕ್ಕೂ ಜಾಸ್ತಿ ಸಾಲು ಪ್ರಿಂಟ್ ಮಾಡಿಸಿ ಲ್ಯಾಮಿನೇಟ್ ಹಾಕಿಸಿದೆ. ಸುಮಾರು 2,500 ರೂಪಾಯಿ ಕೈಯಿಂದ ಹೋಯಿತು. ಎರಡು ವಾರದಲ್ಲಿ ಮಕ್ಕಳು ಪಟಪಟ ಉತ್ತರ ಹೇಳತೊಡಗಿದರು. ನಾನು ಬೀಗುತ್ತಾ ತಿರುಗಿದೆ. ಟೆಸ್ಟಿನಲ್ಲಿ 'ಕ್ರುಯಲ್ ಕೈಂಡ್‌ನೆಸ್' ಇರುವ ಹೊಸ ಸಾಲು ಕೊಟ್ಟೆ. ಉತ್ತರ ಆಕ್ಸಿಮೊರಾನ್, ಅರ್ಧ ಕ್ಲಾಸು ಐರನಿ ಅಂತ ಬರೆದಿತ್ತು. ವಿಚಾರಿಸಿದರೆ ಅವರು ಸಾಲನ್ನು ಓದುತ್ತಲೇ ಇರಲಿಲ್ಲ, ಕಾರ್ಡನ್ನು ಗುರುತು ಹಿಡಿಯುತ್ತಿದ್ದರು. 'ಸ್ವೀಟ್ ಸಾರೋ' ಕಾರ್ಡಿನ ಮೂಲೆ ಮಡಚಿತ್ತಂತೆ. 'ಡೆಫನಿಂಗ್ ಸೈಲೆನ್ಸ್' ಮೇಲೆ ಟೀ ಕಲೆ ಇತ್ತಂತೆ. ಆ ಕಾರ್ಡುಗಳು ಈಗಲೂ ಬೀರುವಿನಲ್ಲಿವೆ, ಬೇಕಾದವರು ಒಯ್ಯಬಹುದು.

ಆಮೇಲೆ ಹೆಸರು ಕೇಳುವುದನ್ನೇ ಬಿಟ್ಟೆ. ಪೆನ್ಸಿಲ್ ಕೊಟ್ಟು, "ಸಾಲಿನಲ್ಲಿ ತರಲೆ ಮಾಡ್ತಿರೋ ಪದದ ಕೆಳಗೆ ಗೆರೆ ಎಳಿ" ಅಂದೆ, ಅಷ್ಟೇ. ಗೆರೆ ಎಲ್ಲಿ ಬಿತ್ತು ಅನ್ನುವುದೇ ಉತ್ತರ.

ಅಕ್ಕಪಕ್ಕ ಕೂತು ಜಗಳ ಆಡುವ ಎರಡು ಪದಗಳ ಕೆಳಗೆ ಗೆರೆ ಬಿದ್ದರೆ ಆಕ್ಸಿಮೊರಾನ್. ಈ ಹೆಸರೇ ಹಾಗಿದೆ, ಗ್ರೀಕ್‌ನಲ್ಲಿ 'ಚೂಪು' ಮತ್ತು 'ಮೊಂಡು' ಅನ್ನುವ ಪದಗಳನ್ನು ಒಟ್ಟಿಗೆ ಕಟ್ಟಿದ್ದು. ಪಕ್ಕಪಕ್ಕ ಅನ್ನುವುದು ಮುಖ್ಯ. 'ದ ಚೈಲ್ಡ್ ಈಸ್ ಫಾದರ್ ಆಫ್ ದ ಮ್ಯಾನ್' ಅನ್ನುವ ವರ್ಡ್ಸ್‌ವರ್ತ್ ಸಾಲಿನಲ್ಲಿ ಮಕ್ಕಳ ಗೆರೆ ಇಡೀ ಸಾಲಿಗೆ ಹರಡಿಬಿಟ್ಟಿತು. ಅಲ್ಲಿ ಜಗಳ ಎರಡು ಪದಗಳದ್ದಲ್ಲ, ಇಡೀ ಮಾತಿನದ್ದು. ಅದು ಪ್ಯಾರಡಾಕ್ಸ್. ಕನ್ನಡ ಮೇಷ್ಟ್ರು ಎರಡಕ್ಕೂ ವಿರೋಧಾಭಾಸ ಅಂದುಬಿಟ್ಟರೆ ಮಕ್ಕಳು ಎರಡನ್ನೂ ಒಂದೇ ಡಬ್ಬಿಗೆ ಹಾಕುತ್ತಾರೆ.

ಮನುಷ್ಯನಲ್ಲದ್ದಕ್ಕೆ ಮನುಷ್ಯನ ಕೆಲಸ ಹಚ್ಚಿದ ಕ್ರಿಯಾಪದದ ಕೆಳಗೆ ಬಿದ್ದರೆ ಪರ್ಸಾನಿಫಿಕೇಶನ್. ಆ ಜಾಗದಲ್ಲಿ 'ನಮ್ಮಜ್ಜಿ' ಅಂತ ಹಾಕಿ ನೋಡಿ ಅನ್ನುತ್ತೇನೆ. 'ದ ಸನ್ ಸ್ಮೈಲ್ಡ್' ಇದ್ದಲ್ಲಿ ಅಜ್ಜಿ ನಕ್ಕಳು. ಸರಿಹೋಯಿತು. ಆದರೆ ಮೊದಲ ವರ್ಷ ಕ್ರಿಯಾಪದ ಮಾತ್ರ ನೋಡಿ ಅಂದು ಕೆಟ್ಟೆ. 'ಡೆತ್ ಲೇಸ್ ಹಿಸ್ ಐಸಿ ಹ್ಯಾಂಡ್ ಆನ್ ಕಿಂಗ್ಸ್' ಕೊಟ್ಟಾಗ ಮಕ್ಕಳು 'ಲೇಸ್' ಕೆಳಗೆ ಗೆರೆ ಎಳೆದು, ಕೋಳಿನೂ ಮೊಟ್ಟೆ ಇಡುತ್ತಲ್ಲ ಮೇಡಂ ಅಂದರು! ಸಾವಿಗೆ ಕೈ ಬಂದದ್ದು ಕಾಣಲೇ ಇಲ್ಲ. ಈಗ ಕೈ, ಕಣ್ಣು, ಅವನು, ಅವಳು ಎಲ್ಲಕ್ಕೂ ಗೆರೆ ಎಳೆಯಬೇಕು.

ಅಳತೆ ಹೇಳುವ ಪದದ ಕೆಳಗೆ ಬಿದ್ದರೆ ಹೈಪರ್ಬೊಲಿ. ಸಾವಿರ ಸಲ, ಕುದುರೆಯಷ್ಟು, ಸಮುದ್ರದಷ್ಟು. ಶೇಕ್ಸ್‌ಪಿಯರನ ನಾಟಕದಲ್ಲಿ ರಾಜನನ್ನು ಕೊಂದ ಮ್ಯಾಕ್‌ಬೆತ್, ಸಮುದ್ರದ ನೀರೆಲ್ಲಾ ಸುರಿದರೂ ಈ ಕೈಯ ರಕ್ತ ಹೋಗುತ್ತದಾ ಅನ್ನುತ್ತಾನಲ್ಲ, ಅಲ್ಲಿ ಗೆರೆ 'ಓಷನ್' ಕೆಳಗೆ ತಾನಾಗಿ ಬೀಳುತ್ತದೆ. ಕೋರ್ಟಿನಲ್ಲಿ ಆಣೆ ಮಾಡಿ ಇಷ್ಟೇ ಅಳತೆ ಹೇಳ್ತೀಯಾ ಅಂತ ಕೇಳಿದರೆ ಮುಗಿಯಿತು.

ಇಲ್ಲೊಂದು ಗುಂಡಿ ಇದೆ. ನಾನು ಎರಡು ವರ್ಷ ಅದರಲ್ಲೇ ಬಿದ್ದಿದ್ದೆ. ಹೈಪರ್ಬೊಲಿ ಅಂದರೆ ಉತ್ಪ್ರೇಕ್ಷೆ ಅಂತ ಹೇಳಿಕೊಟ್ಟಿದ್ದೆ. ಆಡುಮಾತಿನಲ್ಲಿ ಅದು ಸರಿಯೇ. ಆದರೆ ಅದೇ ಮಕ್ಕಳು ಕನ್ನಡ ಪೀರಿಯಡ್‌ನಲ್ಲಿ ಕಲಿಯುವ ಉತ್ಪ್ರೇಕ್ಷಾಲಂಕಾರ ಬೇರೆಯೇ. ಒಂದನ್ನು ಇನ್ನೊಂದೋ ಏನೋ ಎಂಬಂತೆ ಕಲ್ಪಿಸುವುದು ಅದು. ಹಾಗಾಗಿ 'ಆಸ್ ಇಫ್' ಇದ್ದ ಸಾಲಿಗೆಲ್ಲಾ ಜಾಣ ಮಕ್ಕಳೇ ಹೈಪರ್ಬೊಲಿ ಅಂತ ಬರೆಯುತ್ತಿದ್ದರು. ದಡ್ಡರು ಬಚಾವ್! ಹೈಪರ್ಬೊಲಿಗೆ ಹತ್ತಿರದ್ದು ಅತಿಶಯೋಕ್ತಿ. ಪದ ಬದಲಿಸಿದ ವಾರದಲ್ಲೇ ಆ ತಪ್ಪು ಮುಕ್ಕಾಲು ಪಾಲು ನಿಂತಿತು. ಒಂದು ಪೈಸೆ ಖರ್ಚಿಲ್ಲ.

ಇನ್ನು ಐರನಿ, ಹೇಳುವುದು ಒಂದು, ಅರ್ಥ ಅದರ ಉಲ್ಟಾ. ನಿಜವಾದ ತಲೆನೋವು ಇದು. ಗೆರೆ ಎಳೆಯಲು ಪದವೇ ಸಿಗುವುದಿಲ್ಲ. ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದಲ್ಲಿ ಸೀಸರನ ಗೆಳೆಯ ಮಾರ್ಕ್ ಆಂಟನಿ 'ಬ್ರೂಟಸ್ ಈಸ್ ಆ್ಯನ್ ಆನರಬಲ್ ಮ್ಯಾನ್' ಅನ್ನುತ್ತಾನೆ. ಒಂದೊಂದು ಪದವೂ ಸಾಧು. ಮಕ್ಕಳು ಪೆನ್ಸಿಲ್ ಹಿಡಿದು ಕೂತೇ ಇದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ, "ಇದರಲ್ಲಿ ಏನೂ ಇಲ್ಲ ಮೇಡಂ" ಅಂದ. ಆ ಮಾತೇ ನನಗೆ ದಾರಿ ತೋರಿಸಿದ್ದು. ಏನೂ ಇಲ್ಲ ಅನ್ನಿಸಿದರೆ ಕೇಳಬೇಕಾದದ್ದು ಪದವನ್ನಲ್ಲ. ಯಾರು, ಯಾರಿಗೆ, ಯಾವಾಗ ಹೇಳಿದ್ದು ಅಂತ. ಎದುರಿಗೆ ಸೀಸರನ ಹೆಣ ಇದೆ. ಇರಿದವರಲ್ಲಿ ಬ್ರೂಟಸನೂ ಒಬ್ಬ. ಅವನ ಅನುಮತಿ ಪಡೆದೇ ಆಂಟನಿ ಮಾತಾಡುತ್ತಿದ್ದಾನೆ, ಬಾಯಿಬಿಟ್ಟು ಬೈಯುವ ಹಾಗಿಲ್ಲ. ಮೊದಲ ಸಲ ಹೇಳಿದಾಗ ಹೊಗಳಿಕೆ ಅನ್ನಿಸುವ ಅದೇ ಸಾಲು, ಪದೇಪದೇ ಹೇಳುತ್ತಾ ಬಂದಂತೆ ಜನರ ಕಿವಿಗೆ ಬೈಗುಳವಾಗುತ್ತದೆ. ಪದ ಒಂದೂ ಬದಲಾಗಿಲ್ಲ.

ಹಾಗಾದರೆ ಪರೀಕ್ಷೆಯಲ್ಲಿ ಒಂಟಿ ಸಾಲು ಕೊಟ್ಟರೆ? ನ್ಯಾಯವಾಗಿ ಐರನಿಯನ್ನು ಹಾಗೆ ಕೇಳಲೇಬಾರದು. ಕೇಳುವವರು ಸಾಮಾನ್ಯವಾಗಿ ಸಂದರ್ಭವನ್ನೂ ಸಾಲಿನೊಳಗೇ ತುರುಕಿರುತ್ತಾರೆ. ಮಳೆಯಲ್ಲಿ ತೊಯ್ದು ತೊಪ್ಪೆಯಾದವನು 'ವಾಟ್ ಲವ್ಲಿ ವೆದರ್' ಅಂದ, ಈ ಥರ. ಹೊಗಳುವ ಮಾತು ಒಂದು ಕಡೆ, ಕೆಟ್ಟ ಘಟನೆ ಇನ್ನೊಂದು ಕಡೆ, ನಡುವೆ ದೂರ. ಅದೇ ಜಗಳ ಮೈಗೆ ಮೈ ತಾಗಿಸಿ ಕೂತಿದ್ದರೆ ಆಕ್ಸಿಮೊರಾನ್. 'ಕ್ರುಯಲ್ ಕೈಂಡ್‌ನೆಸ್'ನಲ್ಲಿ ಮುಗ್ಗರಿಸಿದ್ದ ಮಕ್ಕಳಿಗೆ ಈ ದೂರದ ಮಾತು ಹೇಳಿದ ಮೇಲೆ ಅನುಮಾನ ಉಳಿಯಲಿಲ್ಲ.

ಸುಮ್ನೆ ಒಂದು ಪ್ರಯೋಗವೂ ಆಯಿತು. ಒಂದು ವಾರ ಮನೆಯಲ್ಲಿ ಅಮ್ಮ ಬೈದದ್ದನ್ನೆಲ್ಲಾ ಬರೆದು ತನ್ನಿ ಅಂದೆ. ನೂರರ ಹತ್ತಿರ ಸಾಲು ಬಂದವು. "ಸಾವಿರ ಸಲ ಹೇಳಿದೀನಿ" ಎಲ್ಲರ ಮನೆಯಲ್ಲೂ ಇತ್ತು. ಒಂಬತ್ತು ಗಂಟೆಗೆ ಎದ್ದ ಮಗನಿಗೆ "ಇಷ್ಟು ಬೇಗ ಯಾಕೆ ಎದ್ದೆ ಮಹಾರಾಯ" ಅನ್ನುವುದು ಬಂತು. ಐರನಿ ಕಲಿಸಲು ಇದಕ್ಕಿಂತ ಒಳ್ಳೆ ಸಾಲು ನನಗೆ ಎಲ್ಲೂ ಸಿಕ್ಕಿಲ್ಲ. ಆಕ್ಸಿಮೊರಾನ್ ಮಾತ್ರ ಒಂದೂ ಬರಲಿಲ್ಲ. ಬೈಯುವಾಗ ಅಷ್ಟು ನಾಜೂಕು ಯಾರಿಗೆ ಬೇಕು? ಒಂದಿಬ್ಬರು ಅಪ್ಪಂದಿರು ಮನೆ ಮಾತೆಲ್ಲಾ ಶಾಲೆಗೆ ಯಾಕೆ ಅಂತ ಗೊಣಗಿದರು, ಅಲ್ಲಿಗೆ ನಿಲ್ಲಿಸಿದೆ.

ಟೆಸ್ಟ್ ಪೇಪರಿನಲ್ಲಿ ಸಾಲುಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಎರಡು ವರ್ಷ ಹಿಡಿದಿದೆ.

ಗೆರೆ ಕೈಕೊಡುವ ಸಾಲುಗಳೂ ಇವೆ. 'ದ ವಿಂಡ್ ಹೌಲ್ಡ್' ತಗೊಳ್ಳಿ. ಊಳಿಡುವುದು ತೋಳ, ನಮ್ಮಜ್ಜಿ ಅಲ್ಲ. ನನ್ನ ಪ್ರಕಾರ ಅದು ಮೆಟಫರ್, ಅಂದರೆ ರೂಪಕ. ಆದರೆ ಗೈಡುಗಳಲ್ಲಿ ಸಾಮಾನ್ಯವಾಗಿ ಪರ್ಸಾನಿಫಿಕೇಶನ್ ಅಂತಲೇ ಇರುತ್ತದೆ. ಮಕ್ಕಳಿಗೆ ಹಾಗೇ ಬರೆಯಿರಿ ಅಂದಿದ್ದೇನೆ, ಮಾರ್ಕ್ಸ್ ಬೇಕಲ್ವಾ. ಇನ್ನು 'ಓ ಡೆತ್' ಅಂತ ನೇರವಾಗಿ ಕರೆದರೆ ಅಪಾಸ್ಟ್ರಫಿ. ನಲವತ್ತರಲ್ಲಿ ಉಳಿದ ಆರೇಳು ಮಕ್ಕಳು ಸೋಲುವುದು ಹೆಚ್ಚಾಗಿ ಅಲ್ಲೇ. ಕರೆಯುವ 'ಓ' ಕೆಳಗೆ ಗೆರೆ ಎಳೆಯದೆ ಮುಂದಿನ ಕ್ರಿಯಾಪದಕ್ಕೆ ಓಡುತ್ತಾರೆ. ಈ ವರ್ಷ ಅದಕ್ಕೆ ಕೆಂಪು ಪೆನ್ಸಿಲ್ ಕೊಟ್ಟು ನೋಡುತ್ತಿದ್ದೇನೆ. ಡಜನ್‌ಗೆ 60 ರೂಪಾಯಿ ಆಯಿತು.